ಬಾವಿ ಪಾಳಿ 12 ದಿನಕ್ಕೆ, ಕಾಲುವೆ ಪಾಳಿ 18 ದಿನಕ್ಕೆ: ಎರಡೂ ಒಂದೇ ದಿನ ಬರುವುದು ಯಾವಾಗ?

ಮಹಾಲಿಂಗಪುರ, ಮುಧೋಳ, ಜಮಖಂಡಿ ಕಡೆ ಕಬ್ಬು ಬೆಳೆಯುವ ಮನೆಗಳಲ್ಲಿ ನೀರಿನ ಪಾಳಿ ಗೊತ್ತಿಲ್ಲದವರು ಯಾರೂ ಇಲ್ಲ. ಹೊಲ ವಾಟಣಿ ಆದರೂ ಅಜ್ಜನ ಕಾಲದ ಬಾವಿ ಎಲ್ಲರಿಗೂ ಸೇರಿ ಒಂದೇ ಉಳಿದಿರುತ್ತದೆ. ಮೊಮ್ಮಕ್ಕಳ ಹೊತ್ತಿಗೆ ಪಾಲು ಹೆಚ್ಚಾಗುತ್ತವೆ. ಒಂದು ಬಾವಿಗೆ 12 ಪಾಲುದಾರರು, ಒಬ್ಬರಿಗೆ ಒಂದು ದಿನ ಅಂತ ಇಟ್ಟುಕೊಳ್ಳೋಣ. ಆಗ ನಿಮ್ಮ ಪಾಳಿ 12 ದಿನಕ್ಕೊಮ್ಮೆ ಬರುತ್ತದೆ. ಇನ್ನೊಂದು ಕಡೆ ಕಾಲುವೆ ನೀರು. ನಿಮ್ಮ ಹೊಲಕ್ಕೆ ನೀರು ಬರುವ ತೂಬಿನ ಕೆಳಗೆ 18 ಹೊಲಗಳಿವೆ, ಒಂದು ಹೊಲಕ್ಕೆ ಒಂದು ದಿನ ಅಂದುಕೊಳ್ಳೋಣ. ಅದರ ಪಾಳಿ 18 ದಿನಕ್ಕೊಮ್ಮೆ.

ಎರಡೂ ಒಂದೇ ದಿನ ಬಂದರೆ ತೊಂದರೆ. ಮೇಲಿನ ಹೊಲದಲ್ಲಿ ಬಾವಿ ನೀರು, ಕೆಳಗಿನ ಹೊಲದಲ್ಲಿ ಕಾಲುವೆ ನೀರು. ಒಬ್ಬನೇ ಸಲಿಕೆ ಹಿಡಿದು ಎರಡೂ ಕಡೆ ಮಡಿ ತಿರುವಲು ಆಗುವುದಿಲ್ಲ. ಆಳು ಬೇಕು, ಇಲ್ಲವೇ ಬಾವಿ ಪಾಳಿಯನ್ನು ಅಣ್ಣನ ಜೊತೆ ಅದಲು-ಬದಲು ಮಾಡಿಕೊಳ್ಳಬೇಕು. ಎರಡಕ್ಕೂ ಆ ದಿನ ಯಾವುದು ಅಂತ ಮೊದಲೇ ಗೊತ್ತಿರಬೇಕು, ಅಲ್ವಾ?

ಶಾಲೆಯಲ್ಲಿ ಓದಿದವರು ತಕ್ಷಣ "ಲಸಾಅ ತೆಗೀರಿ, 36" ಅನ್ನುತ್ತಾರೆ. ಉತ್ತರ ಸರಿ, ಆದರೆ ಅದು ಅರ್ಧ ಉತ್ತರ. ಎರಡು ಪಾಳಿ ಒಮ್ಮೆ ಕೂಡಿದರೆ ಮತ್ತೆ ಎಷ್ಟು ದಿನಕ್ಕೆ ಕೂಡುತ್ತವೆ ಎನ್ನುವುದನ್ನಷ್ಟೇ 36 ಹೇಳುತ್ತದೆ. ಮೊದಲ ಸಲ ಕೂಡುವುದು ಯಾವಾಗ, ಅಸಲಿಗೆ ಕೂಡುತ್ತವೆಯೋ ಇಲ್ಲವೋ ಎನ್ನುವುದನ್ನು ಹೇಳುವುದಿಲ್ಲ. ಹೊಲದಲ್ಲಿ ಬೇಕಾಗುವುದು ಆ ಉಳಿದ ಅರ್ಧವೇ. ಹಾಗಾಗಿ 36 ಎಲ್ಲಿಂದ ಬಂತು ಎಂದು ಬೇಗ ನೋಡಿಕೊಂಡು, ಜಾಸ್ತಿ ಹೊತ್ತು ಆ ಅರ್ಧದ ಮೇಲೆ ಕಳೆಯೋಣ.

ಲೆಕ್ಕಕ್ಕೆ ಮುಂಚೆ: ಎಣಿಕೆ ಎಲ್ಲಿಂದ ಶುರು?

ನಮ್ಮ ಕಡೆ ವಾರದ ಸಂತೆಯನ್ನು "ಎಂಟು ದಿನಕ್ಕೊಮ್ಮೆ" ಎನ್ನುವವರು ಬಹಳ ಜನ. ಇವತ್ತಿನ ಸೋಮವಾರವನ್ನು ಒಂದು ಅಂತ ಎಣಿಸಿದರೆ ಬರುವ ಸೋಮವಾರ ಎಂಟನೇ ದಿನ. ಮಾತಿನಲ್ಲಿ ಇದರಿಂದ ಏನೂ ತೊಂದರೆ ಇಲ್ಲ, ಕೇಳಿದವರಿಗೆ ಅರ್ಥವಾಗುತ್ತದೆ. ಆದರೆ ಪಾಳಿಯ ಲೆಕ್ಕದಲ್ಲಿ ಹೀಗೆ ಎಣಿಸಿದರೆ ಒಂದು ದಿನ ತಪ್ಪುತ್ತದೆ. ಮುಂದೆ ನೋಡುವ ಹಾಗೆ, ಒಂದು ದಿನ ತಪ್ಪಿದರೆ ಇಡೀ ಉತ್ತರವೇ ಕೆಟ್ಟಂತೆ.

ಆದ್ದರಿಂದ ಬಾಯಿಮಾತಿನ ಮೇಲೆ ಹೋಗದೆ ಎರಡು ತಾರೀಕು ಬರೆದುಕೊಳ್ಳಿ. ಬಾವಿ ಪಾಳಿ ಹಿಂದಿನ ಸಲ ಬಂದದ್ದು 3ಕ್ಕೆ, ಆಮೇಲೆ ಬಂದದ್ದು 15ಕ್ಕೆ. 15ರಲ್ಲಿ 3 ಕಳೆದರೆ 12. ಇದೇ ನಿಜವಾದ ಅಂತರ. 14ಕ್ಕೆ ಬಂದಿದ್ದರೆ ಅಂತರ 11. ಆಗ ಮುಂದಿನ ಲೆಕ್ಕ ಪೂರ್ತಿ ಬೇರೆಯಾಗುತ್ತದೆ. ಕಾಲುವೆ ಪಾಳಿಗೂ ಹೀಗೇ ಎರಡು ತಾರೀಕು ತೆಗೆದುಕೊಂಡು ಕಳೆದು ನೋಡಿ.

ರಾತ್ರಿ ಪಾಳಿಯವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ರಾತ್ರಿ ಹತ್ತಕ್ಕೆ ಮೋಟರ್ ಚಾಲು ಮಾಡಿ ಬೆಳಗಿನ ಜಾವ ನಾಲ್ಕಕ್ಕೆ ಬಂದ್ ಮಾಡಿದರೆ ಅದು ಎರಡು ತಾರೀಕಿನಲ್ಲಿ ಹಂಚಿಹೋಗುತ್ತದೆ. ಯಾವಾಗಲೂ ನೀರು ಶುರುವಾದ ತಾರೀಕನ್ನೇ ಬರೆಯಿರಿ. ಬಾವಿಗೆ ಶುರುವಿನ ತಾರೀಕು, ಕಾಲುವೆಗೆ ಮುಗಿದ ತಾರೀಕು ಅಂತ ಬೆರೆಸಿದರೆ ಲೆಕ್ಕ ನಿಲ್ಲುವುದಿಲ್ಲ.

36 ಎಲ್ಲಿಂದ ಬಂತು

ಮೊದಲು ಎರಡೂ ಪಾಳಿ ಒಂದೇ ದಿನ ಬಂದಿವೆ ಅಂತಲೇ ಇಟ್ಟುಕೊಳ್ಳೋಣ. ಆ ದಿನವನ್ನು ಸೊನ್ನೆ ಅನ್ನೋಣ. ಬಾವಿ ಪಾಳಿ ಬರುವುದು 12, 24, 36, 48ನೇ ದಿನಗಳಂದು. ಕಾಲುವೆ ಪಾಳಿ 18, 36, 54ನೇ ದಿನಗಳಂದು. ಎರಡೂ ಸಾಲಿನಲ್ಲಿ ಮೊದಲು ಸಿಗುವ ಸಂಖ್ಯೆ 36. ಬಾವಿಯದು ಮೂರು ಸುತ್ತು, ಕಾಲುವೆಯದು ಎರಡು ಸುತ್ತು.

ಸಂಖ್ಯೆಗಳು ದೊಡ್ಡದಾದರೆ ಸಾಲು ಬರೆಯುತ್ತಾ ಕೂರಲು ಆಗುವುದಿಲ್ಲ. ಆಗ ಕಳೆಯುತ್ತಾ ಹೋಗುವ ದಾರಿ ಸುಲಭ. 18ರಲ್ಲಿ 12 ಕಳೆದರೆ 6. 12ರಲ್ಲಿ 6 ಕಳೆದರೆ 6. ಈಗ ಎರಡೂ ಕಡೆ 6 ಉಳಿಯಿತು, ಅಲ್ಲಿಗೆ ನಿಲ್ಲಿಸಿ. ಈ 6 ಅಂದರೆ 12 ಮತ್ತು 18 ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ, ಶಾಲೆಯಲ್ಲಿ ಮಸಾಅ ಅಂತ ಕಲಿತದ್ದು. 12ನ್ನು 6ರಿಂದ ಭಾಗಿಸಿದರೆ 2. ಆ 2ನ್ನು 18ಕ್ಕೆ ಗುಣಿಸಿದರೆ 36. ಅದೇ ಲಸಾಅ.

12 ಗುಣಿಸು 18, ಅಂದರೆ 216 ಅಂತ ಹೇಳುವವರೂ ಇದ್ದಾರೆ. 216ನೇ ದಿನ ಎರಡೂ ಕೂಡುವುದು ನಿಜ. ಆದರೆ ಅದಕ್ಕೂ ಮುಂಚೆ 36, 72, 108, 144, 180ನೇ ದಿನಗಳಲ್ಲಿ ಐದು ಸಲ ಕೂಡಿ ಹೋಗಿರುತ್ತವೆ. ಎರಡು ಸಂಖ್ಯೆಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲದಿದ್ದಾಗ ಮಾತ್ರ ನೇರ ಗುಣಾಕಾರ ಸರಿಯಾಗುತ್ತದೆ. 11 ಮತ್ತು 18 ಆಗಿದ್ದರೆ 198 ಸರಿಯಾದ ಉತ್ತರ. 12 ಮತ್ತು 18ರಲ್ಲಿ 6 ಎರಡು ಸಲ ಸೇರಿಕೊಳ್ಳುತ್ತದೆ, ಅದಕ್ಕೇ 216 ಆರು ಪಟ್ಟು ದೊಡ್ಡದಾಗಿದೆ.

ಈ ಲೆಕ್ಕಕ್ಕೆ ನಮ್ಮ ನಾಡಿನ ನಂಟೂ ಇದೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯ, ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳಿಗೆ ಲಸಾಅ ತೆಗೆಯುವ ಕ್ರಮವನ್ನು ಹೇಳಿಕೊಟ್ಟಿದ್ದಾನೆ. ಅದನ್ನು ಅವನು ನಿರುದ್ಧ ಅಂತ ಕರೆದ.

ಎರಡೂ ಕೂಡಿದ ದಿನ ಗೊತ್ತಿದ್ದರೆ

ಇದು ಸುಲಭದ ಪ್ರಕರಣ. ಕೂಡಿದ ತಾರೀಕಿಗೆ 36 ದಿನ ಸೇರಿಸಿದರೆ ಮುಗಿಯಿತು. ಎಡವುವುದು ತಿಂಗಳು ದಾಟುವಾಗ. "ಒಂದು ತಿಂಗಳು ಆರು ದಿನ" ಅಂತ ಸುಮ್ನೆ ಸೇರಿಸಿಬಿಡುತ್ತಾರೆ. 30 ದಿನದ ತಿಂಗಳಿಂದ ಶುರು ಮಾಡಿದರೆ ಮಾತ್ರ ಅದು ಸರಿ. 31 ದಿನದ ತಿಂಗಳಿಂದ ಶುರುವಾದರೆ ಒಂದು ತಿಂಗಳು ಐದು ದಿನ. 28 ದಿನದ ಫೆಬ್ರವರಿಯಿಂದ ಶುರುವಾದರೆ ಒಂದು ತಿಂಗಳು ಎಂಟು ದಿನ. ಫೆಬ್ರವರಿಗೆ 29 ದಿನ ಇರುವ ವರ್ಷ, ಅಂದರೆ 2028ರಂಥ ವರ್ಷ, ಒಂದು ತಿಂಗಳು ಏಳು ದಿನ.

2026ರ ಜನವರಿ 27ಕ್ಕೆ ಎರಡೂ ಪಾಳಿ ಕೂಡಿದವು ಅಂದುಕೊಳ್ಳಿ. ಜನವರಿಗೆ 31 ದಿನ. ಒಂದು ತಿಂಗಳು ಅಂದರೆ ಫೆಬ್ರವರಿ 27, ಅಲ್ಲಿಂದ ಐದು ದಿನ ಅಂದರೆ ಮಾರ್ಚ್ 4. ಬಾವಿ ಪಾಳಿಯನ್ನು ಬೇರೆಯಾಗಿ ಎಣಿಸಿ ತಾಳೆ ನೋಡೋಣ. ಜನವರಿ 27, ಫೆಬ್ರವರಿ 8, ಫೆಬ್ರವರಿ 20, ಮಾರ್ಚ್ 4. ಕಾಲುವೆ ಪಾಳಿ ಜನವರಿ 27, ಫೆಬ್ರವರಿ 14, ಮಾರ್ಚ್ 4. ಸರಿಹೋಯಿತು.

ತಾಳೆ ನೋಡಲು ಇನ್ನೂ ಚುರುಕಾದ ದಾರಿ ವಾರ. 36 ದಿನ ಅಂದರೆ ಐದು ವಾರ ಮತ್ತು ಒಂದು ದಿನ. ಹಾಗಾಗಿ ಮುಂದಿನ ಕೂಡುವ ದಿನ ಯಾವಾಗಲೂ ವಾರದ ಮರುದಿನಕ್ಕೆ, ಅಂದರೆ ಮಂಗಳವಾರ ಇದ್ದದ್ದು ಬುಧವಾರಕ್ಕೆ ಬರಬೇಕು. ಜನವರಿ 27 ಮಂಗಳವಾರ, ಮಾರ್ಚ್ 4 ಬುಧವಾರ. ಅಲ್ಲಿಂದ ಏಪ್ರಿಲ್ 9 ಗುರುವಾರ, ಮೇ 15 ಶುಕ್ರವಾರ. ಗೋಡೆಯ ಕ್ಯಾಲೆಂಡರಿನಲ್ಲಿ ವಾರ ಹೀಗೆ ಒಂದೊಂದೇ ಮುಂದೆ ಸರಿಯದೆ ಹೋದರೆ ಎಣಿಕೆಯಲ್ಲಿ ಎಲ್ಲೋ ತಪ್ಪಿದೆ ಅಂತ ಅರ್ಥ. ಮೊದಲು ಫೆಬ್ರವರಿಯನ್ನೇ ನೋಡಿ, ಹೆಚ್ಚಾಗಿ ತಪ್ಪು ಅಲ್ಲೇ ಇರುತ್ತದೆ.

ಎರಡು ಪಾಳಿಯ ತಾರೀಕು ಬೇರೆ ಬೇರೆ ಇದ್ದರೆ

ಇದೇ ನಿಜವಾದ ಕೆಲಸ. ಹೆಚ್ಚಿನವರ ಕೈಯಲ್ಲಿರುವುದು ಕೂಡಿದ ದಿನ ಅಲ್ಲ. ಬಾವಿ ಪಾಳಿಯ ಒಂದು ತಾರೀಕು, ಕಾಲುವೆ ಪಾಳಿಯ ಇನ್ನೊಂದು ತಾರೀಕು, ಅಷ್ಟೇ. ಅದರಿಂದ ಹೀಗೆ ಹೊರಡಬೇಕು.

ಬಾವಿ ಪಾಳಿಯ ಒಂದು ತಾರೀಕು ಬರೆಯಿರಿ. ಅದೇ ದಿನ ಅಥವಾ ಅದರ ನಂತರ ಬರುವ ಕಾಲುವೆ ಪಾಳಿಯ ತಾರೀಕು ಬರೆಯಿರಿ. ನಡುವೆ ಎಷ್ಟು ದಿನ ಅಂತ ಕಳೆದು ತೆಗೆಯಿರಿ. ಆ ಸಂಖ್ಯೆಯನ್ನು 12ರಿಂದ ಭಾಗಿಸಿ, ಶೇಷ ನೋಡಿ.

ಶೇಷ 0 ಬಂದರೆ ಬರೆದ ಆ ಕಾಲುವೆ ಪಾಳಿಯ ದಿನವೇ ಎರಡೂ ಕೂಡುತ್ತವೆ.

ಶೇಷ 6 ಬಂದರೆ ಅದರ ಮುಂದಿನ ಕಾಲುವೆ ಪಾಳಿಗೆ, ಅಂದರೆ 18 ದಿನ ಬಿಟ್ಟು ಕೂಡುತ್ತವೆ.

ಬೇರೆ ಯಾವ ಶೇಷ ಬಂದರೂ ಈ ಎರಡು ಪಾಳಿ ಎಂದೂ ಒಂದೇ ದಿನ ಬರುವುದಿಲ್ಲ.

ಉದಾಹರಣೆಗೆ ಬಾವಿ ಪಾಳಿ ಜನವರಿ 3, ಶನಿವಾರ. ಕಾಲುವೆ ಪಾಳಿ ಜನವರಿ 9, ಶುಕ್ರವಾರ. ನಡುವೆ 6 ದಿನ. 12ರಿಂದ ಭಾಗಿಸಿದರೆ ಭಾಗಲಬ್ಧ ಸೊನ್ನೆ, ಶೇಷ 6. ಅಂದರೆ ಮುಂದಿನ ಕಾಲುವೆ ಪಾಳಿಗೆ ಕೂಡಬೇಕು. 9ಕ್ಕೆ 18 ಸೇರಿಸಿದರೆ ಜನವರಿ 27. ಬಾವಿಯ ಕಡೆಯಿಂದ ಎಣಿಸಿದರೆ 3, 15, 27. ಸರಿಯಾಗಿದೆ. ಮೇಲೆ 27ರಿಂದ ಶುರು ಮಾಡಿದ ಲೆಕ್ಕ ಬಂದದ್ದು ಇಲ್ಲಿಂದಲೇ.

ಕಾಲುವೆ ಪಾಳಿಯನ್ನೇ ಹಿಡಿದು ಯಾಕೆ ನೋಡಬೇಕು ಅಂತ ಕೇಳಬಹುದು. 36 ದಿನದಲ್ಲಿ ಬಾವಿ ಪಾಳಿ ಮೂರು ಸಲ ಬರುತ್ತದೆ, ಕಾಲುವೆ ಪಾಳಿ ಎರಡೇ ಸಲ. ದೊಡ್ಡ ಅಂತರದ್ದನ್ನು ಹಿಡಿದರೆ ನೋಡಬೇಕಾದ ದಿನ ಎರಡೇ. ಈ ಎರಡರಲ್ಲಿ ಒಂದೂ ಬಾವಿ ಪಾಳಿಗೆ ಕೂಡದಿದ್ದರೆ ಮೂರನೆಯದರಿಂದ ಮತ್ತೆ ಅದೇ ಕಥೆ ಶುರುವಾಗುತ್ತದೆ. ಇನ್ನೂ ವರ್ಷಗಟ್ಟಲೆ ಎಣಿಸಿದರೂ ಸಿಗುವುದಿಲ್ಲ.

ಎಂದೂ ಕೂಡುವುದಿಲ್ಲ ಅಂದರೆ ಹೇಗೆ?

ಇದನ್ನು ನಂಬಲು ಜನರಿಗೆ ಕಷ್ಟವಾಗುತ್ತದೆ. "ಇವತ್ತಲ್ಲ ನಾಳೆ ಕೂಡಲೇಬೇಕಲ್ಲ, ಸುತ್ತುತ್ತಾ ಇರುತ್ತವಲ್ಲ" ಅನ್ನುತ್ತಾರೆ. ಒಂದು ಕ್ಯಾಲೆಂಡರ್ ತೆಗೆದುಕೊಂಡು ಪೆನ್ಸಿಲಿನಿಂದ ಮಾಡಿ ನೋಡಿದರೆ ಕಣ್ಣಿಗೇ ಕಾಣುತ್ತದೆ.

ಬಾವಿ ಪಾಳಿಯ ದಿನದ ಮೇಲೆ 0 ಬರೆಯಿರಿ. ಮರುದಿನ 1, ಆಮೇಲೆ 2, 3, 4, 5. ಅದರ ಮುಂದಿನ ದಿನ ಮತ್ತೆ 0. ಹೀಗೆ ಎರಡು ಮೂರು ತಿಂಗಳಿಗೆ 0ಯಿಂದ 5ರವರೆಗೆ ತಿರುಗಿ ತಿರುಗಿ ಬರೆಯುತ್ತಾ ಹೋಗಿ. ಬಾವಿ ಪಾಳಿ 12 ದಿನ ಜಿಗಿಯುತ್ತದೆ, ಅಂದರೆ ಈ ಆರರ ಸುತ್ತನ್ನು ಸರಿಯಾಗಿ ಎರಡು ಸಲ ದಾಟುತ್ತದೆ. ಹಾಗಾಗಿ ಅದು ಬಂದಾಗೆಲ್ಲ 0 ಮೇಲೆಯೇ ಬೀಳುತ್ತದೆ. ಕಾಲುವೆ ಪಾಳಿ 18 ದಿನ ಜಿಗಿಯುತ್ತದೆ, ಸರಿಯಾಗಿ ಮೂರು ಸುತ್ತು. ಅದು ಮೊದಲ ಸಲ ಯಾವ ಅಂಕಿಯ ಮೇಲೆ ಬಿತ್ತೋ ಕೊನೆಯವರೆಗೂ ಅದೇ ಅಂಕಿಯ ಮೇಲೆ ಬೀಳುತ್ತದೆ. ಅದು 3ರ ಮೇಲೆ ಶುರುವಾದರೆ ಯಾವತ್ತೂ 3. ಬಾವಿ ಯಾವತ್ತೂ 0. ಕೂಡುವುದೆಲ್ಲಿ ಬಂತು?

ಕೂಡಬೇಕಾದರೆ ಕಾಲುವೆ ಪಾಳಿಯೂ 0 ಮೇಲೆಯೇ ಬೀಳಬೇಕು. ಎರಡು ತಾರೀಕಿನ ನಡುವಿನ ಅಂತರ 6ರಿಂದ ಶೇಷವಿಲ್ಲದೆ ಭಾಗವಾಗಬೇಕು ಅನ್ನುವುದರ ಅರ್ಥ ಇದೇ. ಮೇಲಿನ ನಿಯಮದಲ್ಲಿ 12ರ ಶೇಷವಾಗಿ 0 ಮತ್ತು 6ಕ್ಕೆ ಮಾತ್ರ ಜಾಗ ಸಿಕ್ಕಿದ್ದು ಇದೇ ಕಾರಣಕ್ಕೆ. ಪಾಳಿಗಳು ಯಾವ ದಿನ ಬೇಕಾದರೂ ಶುರುವಾಗಬಹುದು ಅಂತಿಟ್ಟುಕೊಂಡರೆ, ಆರು ರೀತಿಯ ಶುರುವಿನಲ್ಲಿ ಒಂದರಲ್ಲಿ ಮಾತ್ರ ಅವು ಕೂಡುತ್ತವೆ, ಐದರಲ್ಲಿ ಕೂಡುವುದೇ ಇಲ್ಲ. ಪುಸ್ತಕದ ಲೆಕ್ಕಗಳು "ಇಂದು ಎರಡೂ ಒಟ್ಟಿಗೆ ಆದವು" ಅಂತಲೇ ಶುರುವಾಗುವುದರಿಂದ ಈ ಐದರ ಸುದ್ದಿ ನಮಗೆ ತಿಳಿಯದೆ ಹೋಗುತ್ತದೆ.

ಕೂಡದ ಪ್ರಕರಣವನ್ನೂ ಒಮ್ಮೆ ಪೂರ್ತಿ ನೋಡೋಣ. ಪಕ್ಕದ ಹೊಲದ ಕಾಕಾನ ಬಾವಿ ಪಾಳಿ ಜನವರಿ 5, ಕಾಲುವೆ ಪಾಳಿ ಜನವರಿ 26 ಅನ್ನೋಣ. ನಡುವೆ 21 ದಿನ. 12ರಿಂದ ಭಾಗಿಸಿದರೆ ಶೇಷ 9. ಕೂಡುವುದಿಲ್ಲ. ಬಾವಿ ಪಾಳಿಗಳು ಜನವರಿ 5, 17, 29, ಫೆಬ್ರವರಿ 10, 22, ಮಾರ್ಚ್ 6. ಕಾಲುವೆ ಪಾಳಿಗಳು ಜನವರಿ 26, ಫೆಬ್ರವರಿ 13, ಮಾರ್ಚ್ 3. ಸೂಕ್ಷ್ಮವಾಗಿ ನೋಡಿ. ಜನವರಿ 26ಕ್ಕೆ ಕಾಲುವೆ, ಮೂರು ದಿನ ಬಿಟ್ಟು 29ಕ್ಕೆ ಬಾವಿ. ಫೆಬ್ರವರಿ 13ಕ್ಕೆ ಕಾಲುವೆ, ಮೂರು ದಿನ ಮುಂಚೆ 10ಕ್ಕೆ ಬಾವಿ. ಮಾರ್ಚ್ 3ಕ್ಕೆ ಮತ್ತೆ ಮೂರು ದಿನದ ಅಂತರ. ಅವನಿಗೆ ಎರಡು ನೀರು ಮೂರು ದಿನಕ್ಕಿಂತ ಹತ್ತಿರ ಎಂದೂ ಬರುವುದಿಲ್ಲ. ಪಾಳಿಗಾರನಿಗೆ ಇದಕ್ಕಿಂತ ನೆಮ್ಮದಿಯ ಜೋಡಣೆ ಇನ್ನೊಂದಿಲ್ಲ.

ಹತ್ತಿರ ಎಂದರೆ ಎಷ್ಟು ಹತ್ತಿರ ಬರುತ್ತವೆ ಎನ್ನುವುದೂ ಆ ಕ್ಯಾಲೆಂಡರಿನ ಅಂಕಿಯಿಂದಲೇ ಸಿಗುತ್ತದೆ. ಕಾಲುವೆ ಪಾಳಿ 1 ಅಥವಾ 5ರ ಮೇಲೆ ಬಿದ್ದರೆ ಎರಡು ಪಾಳಿಗಳು ಒಂದು ದಿನದಷ್ಟು ಹತ್ತಿರ ಬರುತ್ತವೆ. 2 ಅಥವಾ 4 ಆದರೆ ಎರಡು ದಿನ. 3 ಆದರೆ ಮೂರು ದಿನ, ಅದೇ ಅತಿ ದೂರ.

ಕೂಡಿಸುವುದು, ಬಿಡಿಸುವುದು

ಇಲ್ಲಿಗೆ ಬಂದ ಮೇಲೆ ಲೆಕ್ಕ ಸುಮ್ನೆ ಭವಿಷ್ಯ ಹೇಳುವುದಕ್ಕಷ್ಟೇ ಅಲ್ಲ, ಪಾಳಿ ಬದಲಿಸಲಿಕ್ಕೂ ಬರುತ್ತದೆ. ಕಾಲುವೆ ಪಾಳಿ ನಮ್ಮ ಕೈಯಲ್ಲಿಲ್ಲ. ತೂಬಿನ ಕೆಳಗಿನ 18 ಜನರೂ ಒಪ್ಪಬೇಕು. ಬಾವಿ ಪಾಳಿ ಮನೆಯೊಳಗಿನದು, ಅಣ್ಣ-ತಮ್ಮಂದಿರಲ್ಲಿ ಮಾತಾಡಿ ಒಮ್ಮೆ ಸರಿಸಬಹುದು.

ನಿಮ್ಮದು ಜನವರಿ 27ರಂದು ಕೂಡುವ ಪಾಳಿ. ಹೀಗೆ ಹೇಳಿ ನೋಡಿ: "ಅಣ್ಣಾ, ನನ್ನ ಪಾಳಿ ಮೂರು ದಿನ ಮುಂದ ಹಾಕೋಣೇನು? ನೀ ನನ್ನ ದಿನಾ ತಗೋ, ನಾ ನಿನ್ನ ದಿನಾ ತಗೋತೀನಿ." ಅಣ್ಣನ ಪಾಳಿ ನಿಮ್ಮದಾದ ಮೂರು ದಿನಕ್ಕೆ ಬರುತ್ತಿದ್ದರೆ ಬೇರೆ ಯಾರನ್ನೂ ಅಲುಗಾಡಿಸದೆ ಈ ಅದಲು-ಬದಲು ಆಗುತ್ತದೆ. ನಿಮ್ಮ ಪಾಳಿ ಜನವರಿ 30ಕ್ಕೆ ಹೋಗುತ್ತದೆ. ಅಲ್ಲಿಂದ ಫೆಬ್ರವರಿ 11, 23, ಮಾರ್ಚ್ 7. ಕಾಲುವೆ ಫೆಬ್ರವರಿ 14, ಮಾರ್ಚ್ 4. ಇನ್ನು ಮುಂದೆ ಯಾವಾಗಲೂ ಕನಿಷ್ಠ ಮೂರು ದಿನ ದೂರ.

ಒಂದು ಸಲ ಮಾತ್ರ ಅದಲು-ಬದಲು ಮಾಡಿ ಮರಳಿ ಹಳೆಯ ಪಾಳಿಗೆ ಬಂದರೆ ಏನೂ ಬದಲಾಗುವುದಿಲ್ಲ, 36 ದಿನಕ್ಕೆ ಮತ್ತೆ ಅದೇ ತೊಂದರೆ. ಕಾಯಂ ಬದಲು ಬೇಕು. ಅಲ್ಲದೆ ನಿಮ್ಮ ತೊಂದರೆಯನ್ನು ಅಣ್ಣನ ತಲೆಗೆ ಕಟ್ಟಬಾರದು. ಅಣ್ಣನಿಗೂ ಕಾಲುವೆ ಪಾಳಿ ಇದ್ದರೆ ಅವನ ಹೊಸ ಬಾವಿ ತಾರೀಕಿಗೂ ಅವನ ಕಾಲುವೆ ತಾರೀಕಿಗೂ ಇದೇ ಶೇಷದ ಲೆಕ್ಕ ಹಾಕಿ ನೋಡಿ, ಆಮೇಲೆ ಒಪ್ಪಿಸಿ.

ಕೆಲವರಿಗೆ ಎರಡೂ ಕೂಡುವುದೇ ಬೇಕಾಗಿರುತ್ತದೆ. ಬೇರೆ ಊರಿನಿಂದ ಬಂದು ಹೊಲ ನೋಡುವವರಿಗೆ ಒಂದೇ ಓಡಾಟದಲ್ಲಿ ಎರಡೂ ನೀರು ಮುಗಿದರೆ ಒಳ್ಳೆಯದು, ಆಳನ್ನು ಹಚ್ಚಿಕೊಂಡರಾಯಿತು. ಅವರು ತಿರುವುಮುರುವು ಮಾಡಬೇಕು. ಕ್ಯಾಲೆಂಡರಿನಲ್ಲಿ ಕಾಲುವೆ ಪಾಳಿ 2ರ ಮೇಲೆ ಬೀಳುತ್ತಿದ್ದರೆ ಬಾವಿ ಪಾಳಿಯನ್ನು ಎರಡು ದಿನ ಮುಂದಕ್ಕೆ ಹಾಕಿ. 4ರ ಮೇಲೆ ಬೀಳುತ್ತಿದ್ದರೆ ಎರಡು ದಿನ ಹಿಂದಕ್ಕೆ ತನ್ನಿ. ಅಷ್ಟು ಮಾಡಿದರೆ 36 ದಿನದೊಳಗೆ ಒಮ್ಮೆ ಕೂಡುವುದು ಖಾತ್ರಿ.

ಒಂದು ದಿನ ತಪ್ಪಿದರೆ ಏನಾಗುತ್ತದೆ

ಟ್ರಾನ್ಸ್‌ಫಾರ್ಮರ್ ಸುಟ್ಟು ಒಂದು ದಿನ ತ್ರೀ ಫೇಸ್ ಕರೆಂಟ್ ಬರಲಿಲ್ಲ. ಆ ದಿನದ ಪಾಲುದಾರನಿಗೆ ನೀರು ಸಿಗಲಿಲ್ಲ. ಹಲವು ಮನೆಗಳಲ್ಲಿ ಆಗ ಎಲ್ಲರ ಪಾಳಿಯನ್ನೂ ಒಂದು ದಿನ ಮುಂದಕ್ಕೆ ದೂಡುತ್ತಾರೆ. ನ್ಯಾಯವಾದ ರೂಢಿ. ಆದರೆ ಅದರಿಂದ ಕೂಡುವ ದಿನವೂ ಒಂದೇ ದಿನ ಮುಂದೆ ಹೋಗುತ್ತದೆ ಅಂತ ತಿಳಿಯಬೇಡಿ. ಅದು ಪೂರ್ತಿ ಮಾಯವಾಗುತ್ತದೆ.

ಜನವರಿ 27ಕ್ಕೆ ಕೂಡಿದ ಪಾಳಿಯನ್ನೇ ಮತ್ತೆ ತೆಗೆದುಕೊಳ್ಳೋಣ. ಬಾವಿ ಪಾಳಿ ಫೆಬ್ರವರಿ 8ಕ್ಕೆ ಬರಬೇಕಿತ್ತು, ಕರೆಂಟ್ ಹೋಗಿ 9ಕ್ಕೆ ಬಂತು. ಅಲ್ಲಿಂದ ಫೆಬ್ರವರಿ 21, ಮಾರ್ಚ್ 5, 17, 29, ಏಪ್ರಿಲ್ 10. ಕಾಲುವೆ ಕರೆಂಟಿಗೆ ಕಾಯುವುದಿಲ್ಲ. ಅದು ಫೆಬ್ರವರಿ 14, ಮಾರ್ಚ್ 4, 22, ಏಪ್ರಿಲ್ 9. ಮಾರ್ಚ್ 4ಕ್ಕೆ ಕಾಲುವೆ, 5ಕ್ಕೆ ಬಾವಿ. ಏಪ್ರಿಲ್ 9ಕ್ಕೆ ಕಾಲುವೆ, 10ಕ್ಕೆ ಬಾವಿ. ಒಂದು ದಿನದ ಅಂತರ ಇನ್ನು ಹಾಗೇ ಉಳಿಯುತ್ತದೆ. ಬಾವಿ ಪಾಳಿ ಒಟ್ಟು ಆರು ದಿನ ಜಾರಿದ ಮೇಲೆಯೇ ಮತ್ತೆ ಕೂಡುವ ಕಾಲ ಬರುತ್ತದೆ, ಅದೂ ಹಳೆಯ ತಾರೀಕುಗಳಲ್ಲಿ ಅಲ್ಲ.

ಹಾಗಾಗಿ ಪಾಳಿ ಜಾರಿದ ಕೂಡಲೇ ಹಳೆಯ ಪಟ್ಟಿಗೆ ಗೀಟು ಹಾಕಿ, ಹೊಸ ಎರಡು ತಾರೀಕು ಹಿಡಿದು ಶೇಷದ ಲೆಕ್ಕ ಮತ್ತೆ ಮಾಡಿ. ಹಳೆಯ ತಾರೀಕಿಗೇ ಒಂದು ಸೇರಿಸುತ್ತಾ ಹೋದರೆ ಬೇಡದ ದಿನ ಆಳನ್ನು ಕರೆದು ಕೂರಿಸಿದ ಹಾಗಾಗುತ್ತದೆ.

ನಿಮ್ಮ ಮನೆಯ ರೂಢಿ ಬೇರೆಯೂ ಇರಬಹುದು. ಕರೆಂಟ್ ಹೋದವನ ನಸೀಬು ಅಷ್ಟೇ, ಉಳಿದವರ ದಿನ ಅಲುಗಾಡುವುದಿಲ್ಲ ಅನ್ನುವ ಮನೆಗಳೂ ಇವೆ. ಅಲ್ಲಿ ತಾರೀಕು ಗಟ್ಟಿಯಾಗಿರುತ್ತದೆ, ಲೆಕ್ಕ ಕೆಡುವುದಿಲ್ಲ. ಎಣಿಸಲು ಕೂರುವ ಮುಂಚೆ ನಿಮ್ಮ ಬಾವಿಯದು ಯಾವ ರೂಢಿ ಅಂತ ಹಿರಿಯರನ್ನು ಕೇಳಿಕೊಳ್ಳಿ.

ಪಾಳಿ ಎರಡು ದಿನದ್ದಾದರೆ

ಆರು ಜನ ಪಾಲುದಾರರು, ಒಬ್ಬರಿಗೆ ಎರಡೆರಡು ದಿನ. ಆಗಲೂ ಸುತ್ತು 12 ದಿನದ್ದೇ. ಆದರೆ ಕಾಲುವೆ ನೀರು ನಿಮ್ಮ ಬಾವಿ ಪಾಳಿಯ ಎರಡನೇ ದಿನ ಬಂದರೂ ಅದು ಕೂಡಿದಂತೆಯೇ. ಬಾವಿ ಪಾಳಿಯ ಮೊದಲ ದಿನವನ್ನು ಹಿಡಿದು ಅದೇ ಲೆಕ್ಕ ಹಾಕಿ. ಈಗ ಶೇಷ 0 ಅಥವಾ 1 ಬಂದರೆ ಆ ದಿನವೇ ತಾಗುತ್ತದೆ. 6 ಅಥವಾ 7 ಬಂದರೆ ಮುಂದಿನ ಕಾಲುವೆ ಪಾಳಿಗೆ ತಾಗುತ್ತದೆ. ಉಳಿದವಕ್ಕೆ ತಾಗುವುದಿಲ್ಲ.

ಮೊಬೈಲಿನಲ್ಲಿ ಮಾಡುವವರಿಗೆ

ಗೂಗಲ್ ಶೀಟ್ಸ್ ಇದ್ದರೆ A1ರಲ್ಲಿ ಬಾವಿ ಪಾಳಿಯ ತಾರೀಕು, B1ರಲ್ಲಿ ಅದರ ನಂತರದ ಕಾಲುವೆ ಪಾಳಿಯ ತಾರೀಕು ಹಾಕಿ. C1ರಲ್ಲಿ ಇದನ್ನು ಬರೆಯಿರಿ:

```
=IF(MOD(B1-A1,12)=0,B1,IF(MOD(B1-A1,12)=6,B1+18,"ಕೂಡುವುದಿಲ್ಲ"))
```

ಮೊದಲ ಕೂಡುವ ದಿನ ಬರುತ್ತದೆ. ತಾರೀಕಿನ ಬದಲು 46 ಸಾವಿರದ ಆಸುಪಾಸಿನ ದೊಡ್ಡ ಸಂಖ್ಯೆ ಕಂಡರೆ ಗಾಬರಿ ಬೇಡ, ಆ ಚೌಕಕ್ಕೆ ತಾರೀಕಿನ ಫಾರ್ಮ್ಯಾಟ್ ಕೊಡಿ. D1ರಲ್ಲಿ `=C1+36` ಬರೆದರೆ ಅದರ ಮುಂದಿನದು. ಫೆಬ್ರವರಿಯ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ. ಆದರೆ ತಾರೀಕು ಹಾಕುವಾಗ ಎಚ್ಚರ. ದಿನ ಮೊದಲೋ ತಿಂಗಳು ಮೊದಲೋ ಎನ್ನುವ ಸೆಟ್ಟಿಂಗ್ ತಿರುವುಮುರುವು ಇದ್ದರೆ ಜನವರಿ 9 ಹೋಗಿ ಸೆಪ್ಟೆಂಬರ್ 1 ಆಗಿಬಿಡುತ್ತದೆ. ತಾರೀಕಿನ ಪಕ್ಕ ವಾರವನ್ನೂ ತೋರಿಸುವ ಹಾಗೆ ಇಟ್ಟುಕೊಂಡರೆ ಈ ತಪ್ಪು ಒಂದೇ ನೋಟಕ್ಕೆ ಸಿಗುತ್ತದೆ.

ಸಂತೆಯ ದಿನವೂ ಸೇರಿಕೊಂಡರೆ

ಕೂಡುವ ದಿನ ಊರಿನ ಸಂತೆಯ ದಿನವೇ ಆದರೆ ಆಳು ಸಿಗುವುದು ಕಷ್ಟ. ಸಂತೆ 7 ದಿನಕ್ಕೊಮ್ಮೆ. 36ಕ್ಕೂ 7ಕ್ಕೂ 1 ಬಿಟ್ಟು ಸಾಮಾನ್ಯ ಭಾಜಕ ಇಲ್ಲ, ಹಾಗಾಗಿ ಇಲ್ಲಿ ನೇರ ಗುಣಾಕಾರ ಸಾಕು: 252 ದಿನ. ಇಲ್ಲಿ "ಎಂದೂ ಕೂಡುವುದಿಲ್ಲ" ಎನ್ನುವ ಮಾತೂ ಬರುವುದಿಲ್ಲ. ಕೂಡುವ ದಿನ ಪ್ರತಿ ಸಲ ವಾರದಲ್ಲಿ ಒಂದು ದಿನ ಮುಂದೆ ಸರಿಯುವುದರಿಂದ ಏಳು ಸಲದಲ್ಲಿ ಒಮ್ಮೆ ಸಂತೆಗೆ ಬಿದ್ದೇ ಬೀಳುತ್ತದೆ. ನಿಮ್ಮೂರಿನ ಸಂತೆ ಶುಕ್ರವಾರವಾದರೆ ಮೇಲಿನ ಪಟ್ಟಿಯಲ್ಲಿ ಅದು ಮೇ 15. ಆ ದಿನಕ್ಕೆ ಆಳನ್ನು ಒಂದು ವಾರ ಮುಂಚೆಯೇ ಹೇಳಿಟ್ಟುಕೊಳ್ಳಿ.

ಆದರೆ ಮೇ 15ರವರೆಗೆ ಕಾಲುವೆಯಲ್ಲಿ ನೀರು ಇರುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಘಟಪ್ರಭಾ ಎಡದಂಡೆ ಕಾಲುವೆಗೆ ನೀರು ಬರುವುದು ಹಿಡಕಲ್ ಜಲಾಶಯದಿಂದ. ಜಲಾಶಯದಲ್ಲಿ ನೀರು ಇದ್ದಷ್ಟು, ಬಿಟ್ಟಷ್ಟು ದಿನ ಮಾತ್ರ ಪಾಳಿ ನಡೆಯುತ್ತದೆ. ಕಾಲುವೆ ಬಂದ್ ಆದ ದಿನ ಕಾಲುವೆಯ ಎಣಿಕೆಯೂ ಅಲ್ಲಿಗೆ ನಿಂತಿತು. ಮತ್ತೆ ನೀರು ಬಿಟ್ಟಾಗ ತೂಬಿನಲ್ಲಿ ಪಾಳಿ ಮೊದಲಿನವನಿಂದ ಶುರುವಾಗುತ್ತದೋ, ನಿಂತಲ್ಲಿಂದ ಮುಂದುವರಿಯುತ್ತದೋ ಅಂತ ವಿಚಾರಿಸಿ, ನಿಮ್ಮ ಹೊಲಕ್ಕೆ ನೀರು ಬಂದ ಮೊದಲ ತಾರೀಕನ್ನು ಬರೆದುಕೊಳ್ಳಿ. ಬಾವಿ ಪಾಳಿ ಅಷ್ಟು ದಿನವೂ ನಡೆದೇ ಇರುತ್ತದೆ. ಅದೇ ದಿನದ ಅಥವಾ ಅದಕ್ಕೂ ಮುಂಚಿನ ಹತ್ತಿರದ ಬಾವಿ ತಾರೀಕು ತೆಗೆದುಕೊಂಡು, ಹೊಸ ಕಾಲುವೆ ತಾರೀಕಿನಿಂದ ಕಳೆದು, 12ರಿಂದ ಭಾಗಿಸಿ ಶೇಷ ನೋಡಿ.